ಮೂರು ಕೂಗು ಅಂದರೆ ಎಷ್ಟು ನಿಮಿಷ?

ತೊಗರಿಬೇಳೆಗೆ ನಾಲ್ಕು ಕೂಗು. ಅನ್ನಕ್ಕೆ ಮೂರು. ಆಲೂಗಡ್ಡೆಗೆ ಎರಡು ಸಾಕು, ಕಡಲೆಕಾಳಿಗೆ ಆರೇಳು ಬೇಕು. ನಮ್ಮ ಅಡುಗೆಮನೆಗಳಲ್ಲಿ ಅಮ್ಮನಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ, ಈಗೀಗ ಹಾಸ್ಟೆಲಿಗೆ ಹೊರಟ ಮಗನಿಗೂ ಫೋನಿನಲ್ಲಿ ದಾಟುತ್ತಿರುವ ಲೆಕ್ಕ ಇದು. ಗಡಿಯಾರ ನೋಡುವ ಮಾತೇ ಇಲ್ಲ. ಹಾಲಿನಲ್ಲಿ ಕೂತು ಪೇಪರ್ ಓದುತ್ತಿರುವವರೂ ಅರ್ಧ ಕಿವಿ ಅತ್ತ ಇಟ್ಟು, "ಮೂರಾಯ್ತು, ಆಫ್ ಮಾಡ್ಲಾ?" ಅಂತ ಕೂಗಿ ಹೇಳುತ್ತಾರೆ. ಮುಗಿಯಿತು, ಅನ್ನ ಆಯಿತು.

ಆದರೆ ಈ ಕೂಗಿನ ಪಕ್ಕದಲ್ಲಿ ಒಂದು ಗಡಿಯಾರ ಇಟ್ಟು ನೋಡಿ, ಎಂಥ ವಿಚಿತ್ರ ಬಯಲಾಗುತ್ತದೆ! ಅದೇ ಕುಕ್ಕರ್, ಅದೇ ಬೇಳೆ, ಅಷ್ಟೇ ನೀರು. ದೊಡ್ಡ ಉರಿಯಲ್ಲಿ ಎರಡು ಕೂಗಿನ ನಡುವೆ ಇಪ್ಪತ್ತು ಸೆಕೆಂಡ್ ಇರಬಹುದು. ಉರಿಯನ್ನು ಸಿಮ್‌ಗೆ ಇಳಿಸಿದರೆ ಅದೇ ಎರಡು ಕೂಗಿನ ನಡುವೆ ಐದಾರು ನಿಮಿಷ ಕಳೆಯುತ್ತದೆ. ಒಂದು ಮನೆಯ ನಾಲ್ಕು ಕೂಗು ಒಂದೇ ನಿಮಿಷದ್ದು, ಪಕ್ಕದ ಮನೆಯ ನಾಲ್ಕು ಕೂಗು ಕಾಲು ಗಂಟೆಯದ್ದು! ಇನ್ನು ನೆಂಟರು ಬಂದರೆಂದು ಬೇಳೆಯನ್ನು ದುಪ್ಪಟ್ಟು ಹಾಕಿದರಂತೂ ಕೂಗು ತನ್ನ ನಡಿಗೆಯನ್ನೇ ಬದಲಿಸಿಬಿಡುತ್ತದೆ. ಹಾಗಾದರೆ ನಾಲ್ಕರ ಬದಲು ಎಂಟು ಕೂಗಿಸಬೇಕೆ? ಇಲ್ಲಿಂದಲೇ ಕಥೆ ಶುರು.

ಮೊದಲು ಈ ಕೂಗು ಏನು ಅಂತ ನೋಡೋಣ. ಮುಚ್ಚಳದ ಮೇಲೆ ಒಂದು ಸಣ್ಣ ಕೊಳವೆ, ಅದರ ತೂತಿನ ಮೇಲೆ ಕೂತ ವೆಯ್ಟ್. ಒಳಗೆ ನೀರು ಕಾದು ಆವಿಯಾಗುತ್ತದೆ, ಹೊರಗೆ ಹೋಗಲು ದಾರಿಯಿಲ್ಲದೆ ಒತ್ತಡ ಏರುತ್ತದೆ. ನಮ್ಮ ಮನೆಗಳ ಕುಕ್ಕರುಗಳಲ್ಲಿ ಹೊರಗಿನ ಗಾಳಿಯ ಒತ್ತಡಕ್ಕಿಂತ ಒಳಗಿನದು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋದಷ್ಟು ಹೆಚ್ಚಾದಾಗ ಆವಿ ಆ ವೆಯ್ಟನ್ನು ಎತ್ತಿ ಹೊರನುಗ್ಗುತ್ತದೆ. ಆ ಹೊತ್ತಿಗೆ ಒಳಗಿನ ನೀರು 100 ಡಿಗ್ರಿಯಲ್ಲಿ ಇರುವುದಿಲ್ಲ, 120ರ ಆಸುಪಾಸಿಗೆ ಏರಿರುತ್ತದೆ. ಕುಕ್ಕರಿನ ಗುಟ್ಟೆಲ್ಲ ಈ ಇಪ್ಪತ್ತು ಡಿಗ್ರಿಯಲ್ಲಿದೆ. ಬೇಳೆಕಾಳುಗಳ ಮಟ್ಟಿಗೆ ಶಾಖ ಹತ್ತು ಡಿಗ್ರಿ ಏರಿದರೆ ಬೇಯುವ ವೇಗ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ, ಇಪ್ಪತ್ತು ಡಿಗ್ರಿ ಏರಿದರೆ ಮೂರು-ನಾಲ್ಕು ಪಟ್ಟು. ಪಾತ್ರೆಯಲ್ಲಿ ಮುಕ್ಕಾಲು ಗಂಟೆ ಕೊತಕೊತ ಕುದಿದರೂ ಹಟ ಬಿಡದ ಬೇಳೆ ಕುಕ್ಕರಿನಲ್ಲಿ ಹತ್ತು ನಿಮಿಷಕ್ಕೆ ಕರಗಿಹೋಗುವುದು ಇದಕ್ಕೇ.

ಆವಿ ನುಗ್ಗಿ ಹೋದ ಕೂಡಲೆ ಒಳಗಿನ ಒತ್ತಡ ಒಂದಿಷ್ಟು ಇಳಿಯುತ್ತದೆ, ಅದರ ಜೊತೆ ಶಾಖವೂ ಮೂರು-ನಾಲ್ಕು ಡಿಗ್ರಿ ಇಳಿಯುತ್ತದೆ. ವೆಯ್ಟ್ ಮತ್ತೆ ಕೂರುತ್ತದೆ. ಇಳಿದ ಆ ಮೂರು-ನಾಲ್ಕು ಡಿಗ್ರಿಯನ್ನು ಒಲೆ ಮತ್ತೆ ತುಂಬಿಕೊಟ್ಟಾಗ ಮುಂದಿನ ಕೂಗು. ಅಷ್ಟೇ! ಕೂಗು ಅಂದರೆ 'ಒಳಗೆ ಇಷ್ಟು ಬೆಂದಿದೆ' ಅನ್ನುವ ಸುದ್ದಿಯಲ್ಲ. 'ನನಗೆ ಬೇಕಾದ್ದಕ್ಕಿಂತ ಹೆಚ್ಚು ಉರಿ ಕೊಡುತ್ತಿದ್ದೀರಿ, ಮಿಕ್ಕಿದ್ದನ್ನು ಹೊರಗೆ ಚೆಲ್ಲುತ್ತಿದ್ದೇನೆ' ಅನ್ನುವ ಸುದ್ದಿ. ಬೇಳೆ ಬೇಯುವುದು ಕೂಗಿನ ಆ ಕ್ಷಣದಲ್ಲಿ ಅಲ್ಲ, ಎರಡು ಕೂಗಿನ ನಡುವಿನ ಮೌನದಲ್ಲಿ.

ಈಗ ಸಿಮ್‌ನ ಸೋಜಿಗ ತಾನಾಗಿ ಬಿಡಿಸಿಕೊಳ್ಳುತ್ತದೆ. 120 ಡಿಗ್ರಿ ಕಾದ ಐದು ಲೀಟರಿನ ಕುಕ್ಕರ್ ಸುಮ್ಮನೆ ನಿಂತರೂ ಸುತ್ತಲಿನ ಗಾಳಿಗೆ ಸುಮಾರು 200 ವ್ಯಾಟಿನಷ್ಟು ಶಾಖವನ್ನು ಕಳೆದುಕೊಳ್ಳುತ್ತಿರುತ್ತದೆ. ದೊಡ್ಡ ಒಲೆಯನ್ನು ಪೂರ್ತಿ ತೆರೆದರೆ ಕುಕ್ಕರಿಗೆ ಸೇರುವುದು ಸಾವಿರದ ಮುನ್ನೂರು, ನಾನ್ನೂರು ವ್ಯಾಟ್. ಇನ್ನೂರು ಸೋರಿಕೆಗೆ ಹೋದರೂ ಸಾವಿರಕ್ಕೂ ಮೇಲೆ ಉಳಿಯುತ್ತದೆ, ಅದೆಲ್ಲ ಕೂಗಾಗಿ ಹೊರಬೀಳುತ್ತದೆ. ಸಿಮ್‌ಗೆ ಇಳಿಸಿದಾಗ ಒಲೆ ಕೊಡುವುದೇ ಇನ್ನೂರೈವತ್ತು ಅನ್ನಿ. ಉಳಿಯುವುದು ಬರೀ ಐವತ್ತು. ಕೂಗಲು ಕುಕ್ಕರಿನ ಬಳಿ ಬಂಡವಾಳವೇ ಇಲ್ಲ! ಆದರೂ ಒಳಗಿನ ಶಾಖ ಹೆಚ್ಚುಕಡಿಮೆ ಅಷ್ಟೇ ಇದೆ, ಬೇಳೆ ಅದೇ ವೇಗದಲ್ಲಿ ಬೇಯುತ್ತಿದೆ. ಜೋರು ಉರಿಯಲ್ಲಿ ಎಂಟು ನಿಮಿಷಕ್ಕೆ ಇಪ್ಪತ್ತು ಸಲ ಕೂಗಿದ ಕುಕ್ಕರ್, ಸಿಮ್‌ನಲ್ಲಿ ಎಂಟು ನಿಮಿಷಕ್ಕೆ ಒಂದೇ ಸಲ ಕೂಗಿದ ಕುಕ್ಕರಿಗಿಂತ ಬೇಳೆಯನ್ನು ಹೆಚ್ಚು ಬೇಯಿಸಿಲ್ಲ. ಹೆಚ್ಚಾಗಿ ಖರ್ಚಾದದ್ದು ಗ್ಯಾಸು ಮತ್ತು ನೀರು, ಜೊತೆಗೆ ಮನೆಯವರ ಕಿವಿ. ಕುಕ್ಕರಿನ ಡಬ್ಬದೊಳಗೆ ಬರುವ, ಯಾರೂ ಓದದೆ ಅಟ್ಟ ಸೇರುವ ಪುಸ್ತಿಕೆಯಲ್ಲಿ ಮೊದಲಿಂದಲೂ ಬರೆದಿರುವುದು ಇದನ್ನೇ: ಪೂರ್ತಿ ಒತ್ತಡ ಬರುವವರೆಗೆ ಜೋರು ಉರಿ, ಆಮೇಲೆ ಉರಿ ಇಳಿಸಿ ಇಷ್ಟು ನಿಮಿಷ.

ಈ ಯಂತ್ರಕ್ಕೆ ಹುಟ್ಟು ಕೊಟ್ಟವನೂ ಸಮಯದ ಬೆನ್ನು ಬಿದ್ದವನೇ. ಫ್ರಾನ್ಸಿನ ಡೆನಿಸ್ ಪಪಾಂ 1679ರಲ್ಲಿ ಲಂಡನ್ನಿನಲ್ಲಿ ಒಂದು ಬಲವಾದ ಲೋಹದ ಪಾತ್ರೆ ಮಾಡಿಸಿದ. ಮೂಳೆಯೂ ಮೆತ್ತಗಾಗುವಂತೆ ಬೇಯಿಸುವ ಪಾತ್ರೆ ಅದು. ಒತ್ತಡ ಮಿತಿ ಮೀರಿದರೆ ಆವಿ ತಾನೇ ತಪ್ಪಿಸಿಕೊಳ್ಳಲಿ ಎಂದು ಮುಚ್ಚಳದ ತೂತಿನ ಮೇಲೆ ಒಂದು ಸನ್ನೆ, ಸನ್ನೆಗೆ ಒಂದು ತೂಕ ಇಟ್ಟ. ಇಂದು ನಮ್ಮ ಮನೆಯಲ್ಲಿ ಕೂಗುವ ವೆಯ್ಟಿನ ಮುತ್ತಜ್ಜ ಅದು. 1682ರಲ್ಲಿ ಆ ಪಾತ್ರೆಯಲ್ಲಿ ಬೇಯಿಸಿದ ಊಟವನ್ನು ರಾಯಲ್ ಸೊಸೈಟಿಯ ಸದಸ್ಯರು ಉಂಡರು, ಜಾನ್ ಎವಿಲಿನ್ ಅದನ್ನು ದಿನಚರಿಯಲ್ಲಿ ಬರೆದಿಟ್ಟ. ಆದರೆ ನನಗೆ ಹುಚ್ಚು ಹಿಡಿಸಿದ್ದು ಬೇರೆ ಸಂಗತಿ. ಒಳಗಿನ ಶಾಖ ಎಷ್ಟಿದೆ ಅಂತ ತಿಳಿಯಲು ಪಪಾಂ ಬಿಸಿ ಮುಚ್ಚಳದ ಮೇಲಿನ ಗುಳಿಯೊಂದಕ್ಕೆ ಒಂದು ಹನಿ ನೀರು ಬಿಡುತ್ತಿದ್ದ. ಆ ಹನಿ ಆರಿಹೋಗಲು ಎಷ್ಟು ಹೊತ್ತು ಹಿಡಿಯಿತು ಅಂತ ಲೋಲಕದ ತೂಗಾಟ ಎಣಿಸುತ್ತಿದ್ದ! ಮುನ್ನೂರ ನಲವತ್ತು ವರ್ಷದ ಹಿಂದಿನ ಆ ಮನುಷ್ಯನಿಗೆ ತೂಕವನ್ನು ನಂಬಿದರೆ ಸಾಲದು, ಗಡಿಯಾರವೂ ಬೇಕು ಅನ್ನಿಸಿತ್ತು.

ಈಗ ನೆಂಟರು ಬಂದರು. ಒಂದು ಲೋಟ ತೊಗರಿಬೇಳೆಯ ಜಾಗದಲ್ಲಿ ಎರಡು ಲೋಟ, ಮೂರು ಲೋಟ ನೀರಿನ ಜಾಗದಲ್ಲಿ ಆರು. ಸಮಯ ಎಷ್ಟು?

ಇದನ್ನು ಸರಿಯಾಗಿ ಲೆಕ್ಕ ಹಾಕೋಣ, ಏಕೆಂದರೆ ಚಮತ್ಕಾರ ಲೆಕ್ಕದಲ್ಲೇ ಇದೆ. ನಮ್ಮ ಲೋಟ ಕಾಲು ಲೀಟರಿನದು. ಬೇಳೆ ಸುಮಾರು 200 ಗ್ರಾಂ, ನೀರು ಮುಕ್ಕಾಲು ಲೀಟರು, ಐದು ಲೀಟರಿನ ಅಲ್ಯೂಮಿನಿಯಂ ಕುಕ್ಕರಿನ ಮೈತೂಕ ಎರಡು ಕಿಲೋ. ಇವೆಲ್ಲವನ್ನೂ 25 ಡಿಗ್ರಿಯಿಂದ 120 ಡಿಗ್ರಿಗೆ ಒಯ್ಯಲು ಸುಮಾರು 500 ಕಿಲೋಜೂಲ್ ಶಾಖ ಬೇಕು. ಆ ಜೋರು ಉರಿಯಲ್ಲಿ ಇದು ಆರು ನಿಮಿಷದ ಕೆಲಸ. ಬೇಳೆ-ನೀರು ದುಪ್ಪಟ್ಟಾದರೆ ಬೇಕಾಗುವುದು 1000 ಅಲ್ಲ, ಸುಮಾರು 830. ಯಾಕೆ? ಕುಕ್ಕರ್ ದುಪ್ಪಟ್ಟಾಗಲಿಲ್ಲವಲ್ಲ! ಆ ಎರಡು ಕಿಲೋ ಲೋಹವನ್ನು ಕಾಯಿಸುವ ಖರ್ಚು ಒಂದು ಲೋಟಕ್ಕೂ ಅಷ್ಟೇ, ಎರಡು ಲೋಟಕ್ಕೂ ಅಷ್ಟೇ. ಹಾಗಾಗಿ ಆರು ನಿಮಿಷದ ಮೊದಲ ಕೂಗು ಹನ್ನೆರಡಕ್ಕೆ ಹೋಗದೆ ಹತ್ತರ ಸುಮಾರಿಗೆ ಬರುತ್ತದೆ. ನಿಮ್ಮ ಒಲೆ ಬೇರೆ, ಕುಕ್ಕರ್ ಬೇರೆ ಇರಬಹುದು, ಅಂಕಿ ಅತ್ತಿತ್ತ ಆಗುತ್ತದೆ. ಆದರೆ ದುಪ್ಪಟ್ಟಿಗಿಂತ ಕಡಿಮೆ ಅನ್ನುವುದು ಎಲ್ಲ ಮನೆಗೂ ಒಂದೇ.

ಮೊದಲ ಕೂಗಿನ ನಂತರ? ಇಲ್ಲಿ ನಿಜವಾದ ಬೆರಗು. ಒಂದು ಲೋಟ ಬೇಳೆ ಪೂರ್ತಿ ಒತ್ತಡದಲ್ಲಿ ಎಂಟು ನಿಮಿಷಕ್ಕೆ ಬೆಂದರೆ ಎರಡು ಲೋಟ ಬೇಳೆಯೂ ಎಂಟೇ ನಿಮಿಷಕ್ಕೆ ಬೇಯುತ್ತದೆ. ಒಂದು ಸೆಕೆಂಡೂ ಹೆಚ್ಚು ಬೇಡ! ಬೇಳೆಯ ಪ್ರತಿಯೊಂದು ಕಾಳೂ ಒಂಟಿಯಾಗಿಯೇ ಬೇಯುತ್ತದೆ. ಸುತ್ತ 120 ಡಿಗ್ರಿಯ ನೀರಿದೆಯೇ ಎಂಬುದಷ್ಟೇ ಅದಕ್ಕೆ ಬೇಕಾದದ್ದು. ಪಕ್ಕದಲ್ಲಿ ಸಾವಿರ ಕಾಳಿದೆಯೋ ಹತ್ತು ಸಾವಿರವಿದೆಯೋ ಅದಕ್ಕೆ ಗೊತ್ತೇ ಆಗುವುದಿಲ್ಲ. ಹಾಗಾಗಿ ಮೊದಲು ಆರು ಮತ್ತು ಎಂಟು ಸೇರಿ ಹದಿನಾಲ್ಕು ನಿಮಿಷ ಇದ್ದದ್ದು ಈಗ ಹತ್ತು ಮತ್ತು ಎಂಟು ಸೇರಿ ಹದಿನೆಂಟು. ಬೇಳೆ ದುಪ್ಪಟ್ಟಾಯಿತು, ಸಮಯ ನಾಲ್ಕೇ ನಿಮಿಷ ಬೆಳೆಯಿತು.

ಹಾಗಾದರೆ ಎಂಟು ಕೂಗಿಸುವವರ ಗತಿ ಏನು? ಕೂಗು ಅಂದರೆ ಇಳಿದ ಮೂರು-ನಾಲ್ಕು ಡಿಗ್ರಿಯನ್ನು ಮತ್ತೆ ತುಂಬುವುದು ಅಂದೆವಲ್ಲ. ಒಳಗಿನ ಸರಕು ಹೆಚ್ಚಾದಷ್ಟೂ ಆ ಮೂರು-ನಾಲ್ಕು ಡಿಗ್ರಿ ತುಂಬಲು ಹೆಚ್ಚು ಹೊತ್ತು ಬೇಕು. ಒಂದು ಲೋಟ ಬೇಳೆಗೆ ಜೋರು ಉರಿಯಲ್ಲಿ ಇಪ್ಪತ್ತು ಸೆಕೆಂಡಿಗೊಮ್ಮೆ ಬರುತ್ತಿದ್ದ ಕೂಗು ಎರಡು ಲೋಟಕ್ಕೆ ಅರ್ಧ ನಿಮಿಷಕ್ಕೂ ಮೀರಿ ಜಾರುತ್ತದೆ, ಬಂದಾಗ ಉದ್ದಕ್ಕೆ ಕೂಗುತ್ತದೆ. ನೋಡಿ, ಗಡಿಯಾರವೇ ನಿಧಾನವಾಗಿಬಿಟ್ಟಿತು! ನಾಲ್ಕು ಕೂಗಿನ ನಡುವೆ ಮೂರು ಬಿಡುವು, ಒಟ್ಟು ಒಂದು ನಿಮಿಷ. ಎಂಟು ಕೂಗಿನ ನಡುವೆ ಏಳು ಬಿಡುವು, ಅದೂ ಉದ್ದನೆಯ ಬಿಡುವು, ಒಟ್ಟು ನಾಲ್ಕು ನಿಮಿಷ. ಕೂಗನ್ನು ಎರಡು ಪಟ್ಟು ಮಾಡಿದೆವು ಅಂದುಕೊಂಡವರು ಒತ್ತಡದ ಸಮಯವನ್ನು ನಾಲ್ಕು ಪಟ್ಟು ಮಾಡಿರುತ್ತಾರೆ. ಬರೀ ಬೇಳೆಯಾದರೆ ಪಾರು, ಹೇಗೂ ಮಸೆಯುವುದೇ. ಅದರ ಜೊತೆ ಹುರುಳಿಕಾಯಿ, ಸೀಮೆಬದನೆ ಹಾಕಿದ್ದರೆ ಹುಳಿಯಲ್ಲಿ ತರಕಾರಿ ಹುಡುಕಬೇಕಾಗುತ್ತದೆ.

ಹಾಗಾದರೆ ನಾಲ್ಕೇ ಕೂಗು ಕೂಗಿಸಿ ಆರಿಸಿದ ಬೇಳೆ ಒಂದು ನಿಮಿಷದಲ್ಲಿ ಬೆಂದದ್ದು ಹೇಗೆ ಅಂತ ಕೇಳುವವರು ಕೇಳಿಯೇ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಅದು ಒಲೆ ಆರಿದ ಮೇಲೆ ಬೆಂದದ್ದು! ಉರಿ ನಿಂತ ನಂತರ ಒಂದು ಲೋಟ ಬೇಳೆಯ ಕುಕ್ಕರ್ 120ರಿಂದ 100 ಡಿಗ್ರಿಗೆ ತಾನಾಗಿ ಇಳಿಯಲು ಸುಮಾರು ಹತ್ತು ನಿಮಿಷ ತೆಗೆದುಕೊಳ್ಳುತ್ತದೆ. ಆ ಹತ್ತೂ ನಿಮಿಷ ಒಳಗೆ ಕುದಿಯುವ ನೀರಿಗಿಂತ ಹೆಚ್ಚಿನ ಶಾಖವಿದೆ, ಬೇಯುವ ಕೆಲಸ ನಡೆಯುತ್ತಲೇ ಇದೆ. ಅಜ್ಜಿಯರು "ಆವಿ ತಾನಾಗಿ ಇಳೀಲಿ, ಮುಟ್ಟಬೇಡ" ಅನ್ನುತ್ತಿದ್ದದ್ದು ಸುಟ್ಟುಕೊಳ್ಳಬಾರದೆಂಬ ಭಯಕ್ಕೆ ಮಾತ್ರ ಅಲ್ಲ, ಅಡುಗೆಯ ಒಂದು ಪಾಲು ಅಲ್ಲಿಯೇ ಇತ್ತು. ದುಪ್ಪಟ್ಟು ಸರಕಿನ ಕುಕ್ಕರ್ ಇಳಿಯುವುದು ಇನ್ನೂ ನಿಧಾನ, ಹದಿನೈದು-ಹದಿನೇಳು ನಿಮಿಷ. ಏರುವಾಗಲೂ ಅದು ನಿಧಾನವಾಗಿ ಏರಿತ್ತು, ಆ ದಾರಿಯಲ್ಲೂ ಬೇಳೆ ಒಂದಷ್ಟು ಬೆಂದಿತ್ತು. ಎರಡನ್ನೂ ಕೂಡಿಸಿದರೆ ಮೈ ಜುಮ್ಮೆನ್ನುವ ಉತ್ತರ ಸಿಗುತ್ತದೆ: ಆವಿ ತಾನಾಗಿ ಇಳಿಯಲು ಬಿಡುವುದಾದರೆ, ದುಪ್ಪಟ್ಟು ಬೇಳೆಗೆ ಒತ್ತಡದ ನಿಮಿಷವನ್ನು ಹೆಚ್ಚಿಸುವುದಿರಲಿ, ಎಂಟರಲ್ಲಿ ಒಂದೆರಡನ್ನು ಕಡಿಮೆ ಮಾಡಬಹುದು!

ನೀರಿಗೂ ಇದೇ ನ್ಯಾಯ. ಕಾಳು ಹೀರುವ ನೀರು ಕಾಳಿನ ಜೊತೆ ದುಪ್ಪಟ್ಟಾಗುತ್ತದೆ, ಆವಿಯಾಗಿ ಹೋಗುವ ನೀರು ಹಾಗಲ್ಲ. ಅದು ಉರಿಗೂ ನಿಮಿಷಕ್ಕೂ ಸೇರಿದ್ದು. ಜೋರು ಉರಿಯಲ್ಲಿ ಕೂಗುತ್ತಿರುವ ಕುಕ್ಕರ್ ನಿಮಿಷಕ್ಕೆ ಮೂವತ್ತು ಮಿಲಿಲೀಟರಿನಷ್ಟು ನೀರನ್ನು ಗಾಳಿಗೆ ಬಿಡುತ್ತದೆ, ಸಿಮ್‌ನಲ್ಲಿ ಅದರ ಒಂದು ಚೂರನ್ನು. ಬೇಳೆಯಲ್ಲಿ ಇದು ಲೆಕ್ಕಕ್ಕೆ ಬಾರದು, ಅನ್ನದಲ್ಲಿ ಬರುತ್ತದೆ. ಒಂದು ಲೋಟ ಅಕ್ಕಿಗೆ ಎರಡೂವರೆ ಲೋಟ ನೀರು ಇಡುವವರು ಎರಡು ಲೋಟಕ್ಕೆ ಐದರ ಬದಲು ನಾಲ್ಕೂಮುಕ್ಕಾಲು ಇಟ್ಟು ನೋಡಿದರೆ ಉದುರುದುರು ಅನ್ನ ಉದುರುದುರಾಗಿಯೇ ಉಳಿಯುತ್ತದೆ. ದುಪ್ಪಟ್ಟು ಮಾಡಿದ ದಿನ ಮಾತ್ರ ಅನ್ನ ಮುದ್ದೆಯಾಗುವುದರ ಹಿಂದಿನ ಕಳ್ಳ ಇವನೇ.

ಇನ್ನೊಂದು ಕಡೆ ಮೊದಲ ಕೂಗೇ ಸುಳ್ಳು ಹೇಳಬಹುದು! ಮುಚ್ಚಳ ಹಾಕಿದಾಗ ಕುಕ್ಕರಿನ ಖಾಲಿ ಜಾಗದಲ್ಲಿ ಗಾಳಿ ಇರುತ್ತದೆ. ತಣ್ಣಗಿರುವಾಗಲೇ ವೆಯ್ಟ್ ಕೂರಿಸಿಬಿಟ್ಟರೆ ಆ ಗಾಳಿಗೆ ಹೊರಹೋಗಲು ದಾರಿ ಇಲ್ಲ. ಅದೂ ಕಾದು ಹಿಗ್ಗುತ್ತದೆ, ಆವಿಯ ಜೊತೆ ಸೇರಿ ವೆಯ್ಟನ್ನು ಒತ್ತುತ್ತದೆ. ಒಂದಿಷ್ಟೂ ಸೋರದ ಕುಕ್ಕರ್ ಎಂದುಕೊಂಡು ಲೆಕ್ಕ ಹಾಕಿದರೆ, ವೆಯ್ಟ್ ಎತ್ತುವಷ್ಟು ಒತ್ತಡ ಸುಮಾರು 93 ಡಿಗ್ರಿಗೇ ಬಂದುಬಿಡುತ್ತದೆ. ತೊಂಬತ್ತಮೂರು! ನೀರು ಇನ್ನೂ ಕುದಿಯುವ ಮಟ್ಟಕ್ಕೂ ಬಂದಿಲ್ಲ, ಕುಕ್ಕರ್ ಕೂಗಿ ಆಯಿತು. ನಿಜದ ಕುಕ್ಕರಿನಲ್ಲಿ ಗ್ಯಾಸ್ಕೆಟ್ ಬಿಗಿಯುವ ಮುಂಚೆ ಸ್ವಲ್ಪ ಗಾಳಿ ಹೋಗುವುದರಿಂದ ಮೋಸ ಇಷ್ಟು ದೊಡ್ಡದಿರುವುದಿಲ್ಲ, ಆದರೆ ಇರುತ್ತದೆ. ಅದಕ್ಕೇ ತಿಳಿದವರು ಕೊಳವೆಯಿಂದ ಆವಿ ಒಂದೇ ಸಮನೆ ಸರ್ರನೆ ಬರತೊಡಗಿದ ಮೇಲೆ ವೆಯ್ಟ್ ಇಡುತ್ತಾರೆ. ಹಾಗೆ ಇಟ್ಟಾಗ ಬರುವ ಮೊದಲ ಕೂಗು ನಂಬಿಕೆಯದು, ನಿಮಿಷ ಎಣಿಸಲು ಅಲ್ಲಿಂದ ಶುರು ಮಾಡಬಹುದು. ವೆಯ್ಟ್ ಮೊದಲೇ ಇಡುವ ಅಭ್ಯಾಸದವರು ಎರಡನೆಯ ಕೂಗಿನಿಂದ ಎಣಿಸಿದರೆ ಸಾಕು, ಅಷ್ಟರಲ್ಲಿ ಗಾಳಿಯ ಬಹುಪಾಲು ಹೊರಗೆ ಹೋಗಿರುತ್ತದೆ.

ಊರಿನ ಎತ್ತರವೂ ಈ ಲೆಕ್ಕವನ್ನು ತುಸು ಅಲುಗಿಸುತ್ತದೆ. ಬೆಂಗಳೂರು ಮಂಗಳೂರಿಗಿಂತ ಒಂಬೈನೂರು ಮೀಟರ್ ಎತ್ತರದಲ್ಲಿದೆ. ತೆರೆದ ಪಾತ್ರೆಯಲ್ಲಿ ಅಲ್ಲಿ ನೂರಕ್ಕೆ ಕುದಿಯುವ ನೀರು ಇಲ್ಲಿ 97ಕ್ಕೇ ಕುದಿದುಬಿಡುತ್ತದೆ. ಕುಕ್ಕರಿನಲ್ಲಾದರೆ ಈ ಅಂತರ ಒಂದೂವರೆ ಡಿಗ್ರಿಗೆ ಇಳಿಯುತ್ತದೆ. ಕರಾವಳಿಯ ಮನೆಯ ನಿಮಿಷದ ಲೆಕ್ಕಕ್ಕೆ ಬೆಂಗಳೂರಲ್ಲಿ ಒಂದು ನಿಮಿಷ ಸೇರಿಸಿದರೆ ಧಾರಾಳವಾಯಿತು.

ಇಷ್ಟು ಹೊತ್ತು ಹೇಳಿದ್ದೆಲ್ಲ ಬೇಳೆಯನ್ನು ನೇರವಾಗಿ ಕುಕ್ಕರಿಗೇ ಹಾಕುವವರ ಕಥೆ. ನಮ್ಮಲ್ಲಿ ಬಹಳ ಮನೆಗಳಲ್ಲಿ ಹಾಗೆ ಮಾಡುವುದಿಲ್ಲ. ತಳದಲ್ಲಿ ಎರಡು ಲೋಟ ನೀರು, ಅದರ ಮೇಲೆ ಬೇಳೆಯ ಡಬ್ಬಿ, ಅದರ ಮೇಲೆ ಅಕ್ಕಿಯ ಡಬ್ಬಿ. ಇಲ್ಲಿ ಆಟವೇ ಬೇರೆ! ಇಲ್ಲಿ ಕೂಗು ಹೇಳುವುದು ತಳದ ಎರಡು ಲೋಟ ನೀರಿನ ಸುದ್ದಿಯನ್ನು, ಡಬ್ಬಿಯೊಳಗಿನ ಸುದ್ದಿಯನ್ನಲ್ಲ. ಆವಿ ಡಬ್ಬಿಯ ಹೊರಮೈಗೆ ತಾಗಿ ನೀರಾಗುತ್ತ ತನ್ನ ಶಾಖವನ್ನು ಅದಕ್ಕೆ ಕೊಡುತ್ತದೆ, ಆ ಶಾಖ ಗೋಡೆಯಿಂದ ಒಳಕ್ಕೆ ನಿಧಾನವಾಗಿ ತೆವಳಬೇಕು. ನೀರು ತೆಳ್ಳಗಿರುವವರೆಗೆ ಅದು ಡಬ್ಬಿಯೊಳಗೆ ತಾನೇ ಸುತ್ತಾಡಿ ಶಾಖವನ್ನು ಹಂಚುತ್ತದೆ. ಕಾಳು ಊದಿಕೊಂಡು ಗಟ್ಟಿಯಾದ ಮೇಲೆ ಆ ಸುತ್ತಾಟ ನಿಂತುಹೋಗುತ್ತದೆ. ಹಾಗಾಗಿ ಡಬ್ಬಿಯಲ್ಲಿ ಪ್ರಮಾಣ ದುಪ್ಪಟ್ಟು ಮಾಡಿ, ಅದೇ ಡಬ್ಬಿಗೆ ತುಂಬಿದರೆ ಸಮಯ ನಿಜಕ್ಕೂ ಬದಲಾಗುತ್ತದೆ. ಗುರುತು ಸುಲಭ: ಡಬ್ಬಿಯ ಅಂಚಿನ ಬೇಳೆ ಬೆಣ್ಣೆಯಾಗಿರುತ್ತದೆ, ನಡುವಿನದು ಬೆರಳಲ್ಲಿ ಹಿಸುಕಿದರೆ ಒಳಗೆ ಬಿಳಿ ಚುಕ್ಕೆ ಉಳಿದಿರುತ್ತದೆ. ಇದಕ್ಕೆ ಮದ್ದು ಹೆಚ್ಚು ಕೂಗಲ್ಲ. ಬೇಳೆಯನ್ನು ಅರ್ಧ ಗಂಟೆ ನೆನೆಹಾಕಿ, ಆಳದ ಒಂದು ಡಬ್ಬಿಯ ಬದಲು ಅಗಲದ ಎರಡು ಡಬ್ಬಿಗೆ ಹಂಚಿ, ಎರಡು-ಮೂರು ನಿಮಿಷ ಹೆಚ್ಚು ಬಿಡಿ.

ಇಲ್ಲಿಗೆ ಬಂದ ಮೇಲೆ ಇನ್ನೊಂದು ಬಾಗಿಲು ತೆರೆಯದೆ ಹೋಗಲಾರೆ. ಏನು ದುಪ್ಪಟ್ಟಾಯಿತು ಅನ್ನುವುದೇ ಎಲ್ಲ. ನಾಲ್ಕು ಆಲೂಗಡ್ಡೆಯ ಜಾಗದಲ್ಲಿ ಎಂಟು ಹಾಕಿದರೆ ಒತ್ತಡದ ನಿಮಿಷ ಬದಲಾಗುವುದಿಲ್ಲ. ಅದೇ ನಾಲ್ಕು ಸೆಂಟಿಮೀಟರ್ ದಪ್ಪದ ಬೀಟ್‌ರೂಟಿನ ಬದಲು ಎಂಟು ಸೆಂಟಿಮೀಟರ್ ದಪ್ಪದ್ದು ಇಡಿಯಾಗಿ ಹಾಕಿದರೆ? ಎರಡು ಪಟ್ಟು ಸಮಯ ಸಾಲದು, ನಾಲ್ಕು ಪಟ್ಟು ಬೇಕು! ಘನ ವಸ್ತುವಿನೊಳಗೆ ಶಾಖ ನಡುಭಾಗ ಮುಟ್ಟಲು ಹಿಡಿಯುವ ಹೊತ್ತು ದಪ್ಪದ ವರ್ಗದಂತೆ ಏರುತ್ತದೆ. ಅದೇ ದೊಡ್ಡ ಬೀಟ್‌ರೂಟನ್ನು ನಡುವೆ ಸೀಳಿ ಎರಡು ಹೋಳು ಮಾಡಿ, ಸಮಯ ತಟ್ಟನೆ ಕುಸಿಯುತ್ತದೆ. ಕುಕ್ಕರಿನ ಮುಂದೆ ನಿಂತು ಕೂಗು ಎಣಿಸುವುದಕ್ಕಿಂತ ಚಾಕು ಹಿಡಿಯುವುದು ಬೇಗದ ದಾರಿ.

ದುಪ್ಪಟ್ಟು ಮಾಡುವುದಕ್ಕೆ ಒಂದು ಗಟ್ಟಿ ಗೋಡೆಯೂ ಇದೆ, ಅದು ಕುಕ್ಕರಿನ ಹೊಟ್ಟೆ. ನೊರೆ ಬರುವ, ಊದಿಕೊಳ್ಳುವ ಪದಾರ್ಥಗಳನ್ನು, ಅಂದರೆ ಬೇಳೆ, ಅಕ್ಕಿ, ಕಾಳುಗಳನ್ನು, ನೀರೂ ಸೇರಿ ಅರ್ಧಕ್ಕಿಂತ ಮೇಲೆ ತುಂಬಬಾರದು. ಉಳಿದವಕ್ಕೆ ಮೂರರಲ್ಲಿ ಎರಡು ಪಾಲು ಮಿತಿ. ನಮ್ಮ ಎರಡು ಲೋಟ ಬೇಳೆ, ಆರು ಲೋಟ ನೀರು ಸೇರಿ ಒಂದೂಮುಕ್ಕಾಲು ಲೀಟರಿಗೆ ಸ್ವಲ್ಪ ಮೇಲಾಗುತ್ತದೆ. ಐದು ಲೀಟರಿನ ಕುಕ್ಕರಿಗೆ ಅದು ಆರಾಮ. ಮೂರು ಲೀಟರಿನದಕ್ಕೆ ಅದು ಮಿತಿ ಮೀರಿತು. ಮೀರಿದ್ದು ಗೊತ್ತಾಗುವುದು ಹೀಗೆ: ಕೂಗಿನ ಜೊತೆ ಹಳದಿ ನೊರೆ ಚಿಮ್ಮಿ ಒಲೆಯ ಮೇಲೆಲ್ಲ ಹರಡುತ್ತದೆ, ಆಮೇಲೆ ಕೂಗಿನ ಸದ್ದು ಕಟ್ಟಿದ ಗಂಟಲಿನಂತಾಗುತ್ತದೆ. ಅದನ್ನು ನೋಡಿದ ಕೂಡಲೆ ಒಲೆ ಆರಿಸಿ. ಬೇಳೆಯ ಸಿಪ್ಪೆ ಆ ಕೊಳವೆಯಲ್ಲಿ ಸಿಕ್ಕಿಕೊಂಡರೆ ಆವಿಗೆ ಉಳಿಯುವ ದಾರಿ ಸೇಫ್ಟಿ ವಾಲ್ವ್ ಒಂದೇ. ಅರ್ಧ ಚಮಚ ಎಣ್ಣೆ ಹಾಕಿದರೆ ನೊರೆ ತಗ್ಗುತ್ತದೆ ನಿಜ, ಆದರೆ ಅದು ಮಿತಿ ಮೀರಲು ಪರವಾನಗಿ ಅಲ್ಲ.

ಕೆಲವು ಸಲ ಕೂಗೇ ಬರುವುದಿಲ್ಲ. ಹತ್ತು ನಿಮಿಷವಾಯಿತು, ಹದಿನೈದಾಯಿತು, ಮುಚ್ಚಳದ ಅಂಚಿನಿಂದ ಸಣ್ಣಗೆ ಬುಸುಗುಟ್ಟುತ್ತ ಹನಿ ತೊಟ್ಟಿಕ್ಕುತ್ತದೆ. ಅದು ಒಣಗಿ ಗಟ್ಟಿಯಾದ ಗ್ಯಾಸ್ಕೆಟ್. ಒಳಗೆ ಒತ್ತಡವೇ ನಿಂತಿಲ್ಲ, ಹಾಗಾಗಿ ಅಲ್ಲಿ ನಿಮಿಷದ ಲೆಕ್ಕವೂ ನಡೆಯದು. ಬೇಳೆ ಬೇಯುತ್ತಿರುವುದು ಮಾಮೂಲಿ ಪಾತ್ರೆಯ ವೇಗದಲ್ಲಿ, ತಳದ ನೀರು ಮಾತ್ರ ಸದ್ದಿಲ್ಲದೆ ಖಾಲಿಯಾಗುತ್ತಿದೆ. ಗ್ಯಾಸ್ಕೆಟ್ ಸರಿ ಇದ್ದು, ನಿಮಿಷವೂ ಸರಿ ಇದ್ದು ಬೇಳೆ ಬೇಯಲಿಲ್ಲ ಅಂದರೆ ಹುಣಸೆಹುಳಿ ಅಥವಾ ಟೊಮೆಟೊ ಮೊದಲೇ ಬಿದ್ದಿರಬೇಕು, ಇಲ್ಲವೆ ಬೇಳೆ ಹಳೆಯದಿರಬೇಕು, ಬೋರ್‌ವೆಲ್ಲಿನ ಗಡಸು ನೀರಿರಬೇಕು. ಹುಳಿಯೂ ಗಡಸು ನೀರಿನ ಸುಣ್ಣದಂಶವೂ ಕಾಳಿನ ಗೋಡೆ ಕರಗದಂತೆ ಹಿಡಿದಿಡುತ್ತವೆ. ಅಲ್ಲಿ ಇಪ್ಪತ್ತು ಕೂಗಿಸಿದರೂ ಅಷ್ಟೇ.

ಹಾಗಂತ ಕೂಗನ್ನು ಬಿಟ್ಟುಬಿಡಿ ಅಂತ ಹೇಳಲಾರೆ. ದಿನವೂ ಅದೇ ಒಲೆ, ಅದೇ ಉರಿ, ಅದೇ ಕುಕ್ಕರ್, ಅದೇ ಒಂದು ಲೋಟ ಬೇಳೆ ಇರುವ ಮನೆಯಲ್ಲಿ ನಾಲ್ಕು ಕೂಗು ಎಂದೂ ತಪ್ಪದ ಲೆಕ್ಕ, ಏಕೆಂದರೆ ಅಲ್ಲಿ ಬದಲಾಗುವುದು ಯಾವುದೂ ಇಲ್ಲ. ಒಂದು ಬದಲಾದರೆ ಸಾಕು, ಆ ಸಂಖ್ಯೆ ಕೈಕೊಡುತ್ತದೆ. ಮಗಳ ಮನೆಯ ಇಂಡಕ್ಷನ್ ಒಲೆಯಲ್ಲಿ, ಹೊಸ ಏಳು ಲೀಟರಿನ ಕುಕ್ಕರಿನಲ್ಲಿ, ಹಬ್ಬದ ದಿನದ ಮೂರು ಲೋಟದಲ್ಲಿ. ಅಂಥ ದಿನಕ್ಕೆಂದೇ ನಿಮ್ಮ ಮನೆಯ ನಿಮಿಷಗಳನ್ನು ಒಮ್ಮೆ ಕಂಡುಹಿಡಿದಿಟ್ಟುಕೊಳ್ಳಿ. ಆವಿ ಸರ್ರನೆ ಬಂದ ಮೇಲೆ ವೆಯ್ಟ್ ಇಡಿ, ಮೊದಲ ಕೂಗಿಗೆ ಗಡಿಯಾರ ನೋಡಿ, ಉರಿ ಸಿಮ್‌ಗೆ ಇಳಿಸಿ, ತೊಗರಿಬೇಳೆಗೆ ಎಂಟರಿಂದ ಶುರು ಮಾಡಿ ಒಂದೊಂದು ನಿಮಿಷ ಅತ್ತಿತ್ತ ಸರಿಸಿ ನೋಡಿ. ಸಿಕ್ಕಿದ ಸಂಖ್ಯೆಯನ್ನು ಬೇಳೆ ಡಬ್ಬದ ಮುಚ್ಚಳದ ಒಳಗೆ ಬರೆದು ಅಂಟಿಸಿ. ಮುಂದಿನ ಸಲ ಎಂಟು ಜನ ಊಟಕ್ಕೆ ಬಂದಾಗ ಬೇಳೆ ಎರಡು ಪಟ್ಟು ಹಾಕಿ, ನೀರು ಎರಡು ಪಟ್ಟಿಗೆ ತುಸು ಕಡಿಮೆ ಹಾಕಿ, ಮೊದಲ ಕೂಗಿಗೆ ನಾಲ್ಕು ನಿಮಿಷ ಹೆಚ್ಚು ಕಾಯಿರಿ. ಮುಚ್ಚಳದಲ್ಲಿ ಬರೆದ ನಿಮಿಷವನ್ನು ಮಾತ್ರ ಮುಟ್ಟಬೇಡಿ.